ನೋಡದ ಷರತ್ತು ತೋರಿಸಿ ವಿಮಾ ಕ್ಲೇಮ್ ತಿರಸ್ಕರಿಸಿದರೆ ಉತ್ತರ ಬರೆಯುವುದು ಹೇಗೆ?

ಬಳ್ಳಾರಿಯಲ್ಲಿ ನನ್ನದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅರ್ಜಿ, ತಕರಾರು, ನೋಟಿಸು ಟೈಪ್ ಮಾಡಿ ಮಾಡಿ, ಯಾವ ಕಾಗದಕ್ಕೆ ಕಂಪನಿಯವರು ತಡವರಿಸುತ್ತಾರೆ, ಯಾವುದನ್ನು ಓದದೇ ಬದಿಗಿಡುತ್ತಾರೆ ಅಂತ ಸ್ವಲ್ಪ ಅಂದಾಜು ಸಿಕ್ಕಿದೆ. ನಾನು ವಕೀಲ ಅಲ್ಲ. ಇಲ್ಲಿ ಬರೆಯುತ್ತಿರುವುದು ಒಂದೇ ಬಗೆಯ ಪತ್ರದ ಬಗ್ಗೆ. "ಪಾಲಿಸಿಯ ಇಂಥಾ ಷರತ್ತಿನ ಪ್ರಕಾರ ನಿಮ್ಮ ಕ್ಲೇಮ್ ತಿರಸ್ಕರಿಸಲಾಗಿದೆ" ಅಂತ ಬರುತ್ತದೆ. ಆ ಷರತ್ತನ್ನು ನೀವು ನೋಡುವುದು ಆ ಪತ್ರದಲ್ಲೇ ಮೊದಲ ಸಲ.

ಕೌಲ್ ಬಜಾರ್ ಕಡೆಯ ಒಬ್ಬ ಅಕ್ಕ ಹೋದ ವರ್ಷ ಇಂಥದ್ದೇ ಪತ್ರ ಹಿಡಿದು ಬಂದಿದ್ದರು. ಗಂಡ ಹೆಂಡತಿ ಸೇರಿ ಆರು ಮಷೀನ್ ಹಾಕಿಕೊಂಡು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಬ್ಯಾಂಕಿನಲ್ಲಿ ಸಾಲ ತಗೊಂಡಾಗ ಬ್ಯಾಂಕಿನವರೇ ವಿಮೆ ಮಾಡಿಸಿದ್ದರು. 2024ರ ಜೂನ್ 11ಕ್ಕೆ ಖಾತೆಯಿಂದ ₹2,714 ಪ್ರೀಮಿಯಂ ಕಡಿತ ಆಗಿತ್ತು. ಕೈಗೆ ಸಿಕ್ಕಿದ್ದು ಒಂದೇ ಹಾಳೆ: ಹೆಸರು, ವಿಳಾಸ, ಎಷ್ಟು ಮೊತ್ತಕ್ಕೆ ವಿಮೆ, ಮೊದಲ ₹5,000 ನಷ್ಟ ಅವರೇ ಭರಿಸಬೇಕು ಅನ್ನುವುದು, ಕೆಳಗೆ ಸಣ್ಣ ಅಕ್ಷರದಲ್ಲಿ "ಕಂಪನಿಯ ಷರತ್ತುಗಳಿಗೆ ಒಳಪಟ್ಟಿದೆ, ವಿವರಕ್ಕೆ ವೆಬ್‌ಸೈಟ್ ನೋಡಿ".

ದೀಪಾವಳಿಗೆ ಯೂನಿಟ್ ಮುಚ್ಚಿ ಊರಿಗೆ ಹೋಗಿದ್ದರು. ನವೆಂಬರ್ 4ರ ಸೋಮವಾರ ಬಂದು ನೋಡಿದರೆ ಬೀಗವೇ ಇಲ್ಲ, ಬಾಗಿಲಿಗೆ ಒಂದು ಗೀರೂ ಇಲ್ಲ, ಒಳಗೆ ಡೆನಿಮ್ ರೋಲುಗಳೂ ಇಲ್ಲ, ಕಟ್ಟಿಟ್ಟಿದ್ದ ಪ್ಯಾಂಟುಗಳೂ ಇಲ್ಲ. ₹1,86,000ಕ್ಕೆ ಕ್ಲೇಮ್ ಹಾಕಿದರು. ಜನವರಿ 22ಕ್ಕೆ ಕಂಪನಿಯ ಪತ್ರ ಬಂತು: "ಬಲವಂತವಾಗಿ ಒಡೆದು ಒಳನುಗ್ಗಿದ ಗುರುತು ಇಲ್ಲದ ಕಳವಿಗೆ ಪಾಲಿಸಿ ಅನ್ವಯಿಸುವುದಿಲ್ಲ."

ಅಕ್ಕನ ಮೊದಲ ಮಾತು, "ಕಳ್ಳ ಬೀಗ ಮುರೀದೆ ಕೈಯಿಂದ ತೆಗೆದ್ರೆ ಕಳವಲ್ಲೇನ್ರೀ?" ಮಾತೇನೋ ಸರಿ. ಆದರೆ ಉತ್ತರವನ್ನು ಅಲ್ಲಿಂದ ಶುರು ಮಾಡಬಾರದು.

ಮೊದಲು ಫೋನ್ ಕೆಳಗಿಡಿ

ಷರತ್ತಿನ ಅರ್ಥದ ಬಗ್ಗೆ ಕಾಲ್ ಸೆಂಟರ್ ಜೊತೆ ವಾದಕ್ಕೆ ಇಳಿದರೆ, ಆ ಷರತ್ತು ನಮಗೂ ಅನ್ವಯಿಸುತ್ತದೆ ಅಂತ ಒಪ್ಪಿಕೊಂಡೇ ಮಾತಾಡಿದಂತಾಗುತ್ತದೆ. ಎಷ್ಟೋ ಜನ ಮೇಲ್‌ನಲ್ಲಿ "ನಿಮ್ಮ ಷರತ್ತು ಗೊತ್ತು, ಆದರೂ ದಯವಿಟ್ಟು ಪರಿಗಣಿಸಿ" ಅಂತ ಬರೆದುಬಿಡುತ್ತಾರೆ. "ಗೊತ್ತು" ಅನ್ನುವ ಆ ಒಂದು ಪದ ಮುಂದೆ ಗ್ರಾಹಕ ಆಯೋಗದಲ್ಲಿ ಕಂಪನಿಯ ಕೈಗೆ ಸಿಗುವ ದಾಖಲೆ. ನಮ್ಮ ಮೊದಲ ಪ್ರಶ್ನೆ ಷರತ್ತಿನ ಅರ್ಥ ಏನು ಅಂತ ಅಲ್ಲ. ಅದನ್ನು ನಮಗೆ ಯಾವತ್ತು, ಹೇಗೆ ಕೊಟ್ಟಿರಿ ಅಂತ.

ತಿರಸ್ಕಾರದ ಪತ್ರದ ಮೇಲಿನ ತಾರೀಖು, ಅದು ನಿಮ್ಮ ಕೈಗೆ ಬಂದ ತಾರೀಖು ಎರಡನ್ನೂ ಬರೆದಿಡಿ. ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಲು ಸಾಮಾನ್ಯವಾಗಿ ಒಂದು ವರ್ಷ, ಗ್ರಾಹಕ ಆಯೋಗಕ್ಕೆ ಎರಡು ವರ್ಷ ಅವಕಾಶ. ಪತ್ರ ಬಂದ ಲಕೋಟೆ ಬಿಸಾಡಬೇಡಿ.

ನಿಜಕ್ಕೂ ನೋಡಿರಲಿಲ್ವಾ?

ಇದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕು, ಅದೂ ಖಡಕ್ಕಾಗಿ. ನೋಡಲಿಲ್ಲ ಅನ್ನುವುದು ಬೇರೆ, ಕೊಟ್ಟಿದ್ದನ್ನು ಓದಲಿಲ್ಲ ಅನ್ನುವುದು ಬೇರೆ. ಷರತ್ತಿನ ಪುಸ್ತಕ ಮನೆಗೆ ಬಂದು ಕಪಾಟಿನಲ್ಲಿ ಕೂತಿದ್ದರೆ ಈ ದಾರಿ ನಿಮಗಲ್ಲ. ಆಗ ಷರತ್ತಿನ ಅರ್ಥದ ಮೇಲೆಯೇ ವಾದ ಮಾಡಬೇಕಾಗುತ್ತದೆ.

ಹುಡುಕಬೇಕಾದ ಜಾಗಗಳು ಇವು. ಮೇಲ್‌ನ ಸ್ಪ್ಯಾಮ್ ಫೋಲ್ಡರ್. ಪ್ರೀಮಿಯಂ ಕಟ್ಟಿದ ವಾರದ ಎಸ್ಸೆಮ್ಮೆಸ್, ಅದರಲ್ಲಿ ಲಿಂಕ್ ಇತ್ತೇ ಅಂತ. ವಾಟ್ಸ್ಆಪ್. ಮಕ್ಕಳ ಫೋನ್, ಯಾಕಂದ್ರೆ ಬ್ಯಾಂಕಿನಲ್ಲಿ ಮಗನ ನಂಬರ್ ಕೊಟ್ಟಿರುವ ಮನೆಗಳು ನಮ್ಮಲ್ಲಿ ಬಹಳ. ಬ್ಯಾಂಕಿನ ಸಾಲದ ಫೈಲ್. ಹಿಂದಿನ ವರ್ಷದ ಪಾಲಿಸಿಯೂ ಇದ್ದರೆ ಅದರ ಜೊತೆ ಏನು ಬಂದಿತ್ತು ಅನ್ನುವುದು. ಅಕ್ಕನ ಫೋನಿನಲ್ಲಿ ಸಿಕ್ಕಿದ್ದು ಒಂದೇ ಮೆಸೇಜು: "ನಿಮ್ಮ ಪಾಲಿಸಿ ಜಾರಿಯಾಗಿದೆ" ಅಂತ, ಪಾಲಿಸಿ ನಂಬರ್ ಸಮೇತ. ಲಿಂಕ್ ಇರಲಿಲ್ಲ. ಅದರ ಸ್ಕ್ರೀನ್‌ಶಾಟನ್ನು ದಿನ, ಸಮಯ ಕಾಣುವ ಹಾಗೆ ತೆಗೆಸಿದೆ.

ಆರೋಗ್ಯ ವಿಮೆಯಾದರೆ ಇನ್ನೊಂದನ್ನು ನೋಡಿಕೊಳ್ಳಿ. 2024ರ ಜನವರಿಯಿಂದ ಕಂಪನಿಗಳು ಗ್ರಾಹಕ ಮಾಹಿತಿ ಪತ್ರ ಅಂತ ಒಂದು ಕಾಗದ ಕೊಟ್ಟು, ತಲುಪಿದ್ದಕ್ಕೆ ಒಪ್ಪಿಗೆ ಪಡೆಯಬೇಕು ಅನ್ನುವ ನಿಯಮ ಬಂದಿದೆ. ಯಾವುದಕ್ಕೆ ಹಣ ಸಿಗುವುದಿಲ್ಲ ಅನ್ನುವುದು ಅದರಲ್ಲಿ ಸರಳವಾಗಿ ಇರುತ್ತದೆ. ನೀವು ಅದಕ್ಕೆ ಸಹಿ ಹಾಕಿದ್ದರೆ ನಿಮ್ಮ ಪಕ್ಷ ಸೊರಗುತ್ತದೆ. ಕೊಟ್ಟೇ ಇಲ್ಲದಿದ್ದರೆ ಗಟ್ಟಿಯಾಗುತ್ತದೆ.

ಮೊದಲ ಪತ್ರ: ವಾದ ಬೇಡ, ಕಾಗದ ಕೇಳಿ

ನಾವು ಎರಡು ಪತ್ರ ಬರೆದೆವು. ಒಂದರಲ್ಲೇ ಎಲ್ಲ ಮುಗಿಸಬೇಕು ಅಂತ ಅಕ್ಕನ ಗಂಡನಿಗೆ ಅವಸರ. ಆದರೆ ಮೊದಲ ಪತ್ರದ ಕೆಲಸ ಕಂಪನಿಯ ಬಾಯಿಂದಲೇ ಒಂದು ಉತ್ತರ ಹೊರಡಿಸುವುದು. ಅರ್ಧ ಪುಟ ಸಾಕು. ನಾವು ಕೇಳಿದ್ದು ನಾಲ್ಕು.

ಒಂದು, ಸಹಿ ಮಾಡಿದ ಪ್ರಪೋಸಲ್ ಫಾರಂನ, ಅಂದರೆ ವಿಮೆಯ ಅರ್ಜಿಯ, ಪೂರ್ತಿ ನಕಲು. ಎರಡು, ನೀವು ಉಲ್ಲೇಖಿಸಿದ ಷರತ್ತು ಇರುವ ಪಾಲಿಸಿಯ ಪೂರ್ತಿ ಪ್ರತಿ. ಮೂರು, ಆ ಪ್ರತಿಯನ್ನು ನನಗೆ ಕಳಿಸಿದ ದಿನ, ಕಳಿಸಿದ ರೀತಿ ಮತ್ತು ತಲುಪಿದ್ದಕ್ಕೆ ಪುರಾವೆ. ಅಂಚೆಯಾದರೆ ಸ್ಪೀಡ್ ಪೋಸ್ಟ್ ನಂಬರ್, ಮೇಲ್ ಆದರೆ ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ. ನಾಲ್ಕು, ನಷ್ಟ ಎಷ್ಟು ಅಂತ ಲೆಕ್ಕ ಹಾಕಿದ ಸರ್ವೇಯರ್ ವರದಿಯ ನಕಲು.

ಮೂರನೆಯದೇ ಜೀವಾಳ. ಉಳಿದ ಮೂರನ್ನು ಕೊಟ್ಟು ಅದನ್ನು ಮಾತ್ರ ಬಿಟ್ಟರೆ, ಬಿಟ್ಟಿದ್ದೇ ನಿಮಗೆ ಪುರಾವೆ. ಹದಿನೈದು ದಿನದೊಳಗೆ ಕೊಡಿ ಅಂತ ಬರೆಯಿರಿ. "ಇದನ್ನು ಕೇಳುವುದರಿಂದ ತಿರಸ್ಕಾರವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ" ಅಂತ ಒಂದು ಸಾಲು ಸೇರಿಸಿ.

ಪತ್ರ ಕಂಪನಿಗೆ ಮಾತ್ರ ಅಲ್ಲ, ವಿಮೆ ಮಾಡಿಸಿದ ಬ್ಯಾಂಕ್ ಶಾಖೆಗೂ ಹೋಗಲಿ. ಪಾಲಿಸಿ ಪುಸ್ತಕ ಬ್ಯಾಂಕಿಗೆ ಬಂದು ಅಲ್ಲೇ ಉಳಿದಿರುವ ಸಂದರ್ಭ ಇರುತ್ತದೆ. ಬ್ಯಾಂಕಿಗೆ ಕೇಳಬೇಕಾದ್ದು ಒಂದೇ ಪ್ರಶ್ನೆ: "ಈ ಪಾಲಿಸಿಯ ಷರತ್ತುಗಳ ಪ್ರತಿ ನಿಮಗೆ ಬಂದಿತ್ತೇ, ಬಂದಿದ್ದರೆ ನನಗೆ ಯಾವಾಗ ಕೊಟ್ಟಿರಿ?" ಮುಂದೆ ಕಂಪನಿ ಬ್ಯಾಂಕಿನ ಮೇಲೆ, ಬ್ಯಾಂಕ್ ಕಂಪನಿಯ ಮೇಲೆ ಹಾಕುವುದು ಇದರಿಂದ ತಪ್ಪುತ್ತದೆ.

ಯಾವ ಭಾಷೆಯಲ್ಲಿ ಬರೆಯಬೇಕು? ಓದುವವರು ಬೇರೆ ರಾಜ್ಯದ ದೊಡ್ಡ ಆಫೀಸಿನಲ್ಲಿ ಕೂತಿದ್ದರು, ಹಾಗಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಕೊನೆಗೆ "ಮೇಲಿನದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ ಮೇಲೆ ಸಹಿ ಮಾಡಿದ್ದೇನೆ" ಅಂತ ಅಕ್ಕನ ಕೈಯಿಂದಲೇ ಕನ್ನಡದಲ್ಲಿ ಬರೆಸಿದೆ. ಇಂಗ್ಲಿಷಿನ ಷರತ್ತು ಅರ್ಥ ಆಗಲಿಲ್ಲ ಅನ್ನುವವರು ಇಂಗ್ಲಿಷ್ ಪತ್ರಕ್ಕೆ ಬರೀ ಸಹಿ ಹಾಕಿ ಕಳಿಸಿದರೆ ಕಂಪನಿಯ ವಕೀಲರು ಅದನ್ನೇ ಎತ್ತಿ ತೋರಿಸುತ್ತಾರೆ. ಜನವರಿ 30ಕ್ಕೆ ಸ್ಪೀಡ್ ಪೋಸ್ಟ್ ಮಾಡಿದೆವು, ಅದೇ ಪತ್ರ ಸ್ಕ್ಯಾನ್ ಮಾಡಿ ಇ-ಮೇಲ್‌ನಲ್ಲೂ ಕಳಿಸಿದೆವು. ನಾಲ್ಕು ದಿನ ಬಿಟ್ಟು, ತಲುಪಿದೆ ಅಂತ ತೋರಿಸುವ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆದು ರಸೀದಿಗೆ ಪಿನ್ ಹೊಡೆದಿಟ್ಟೆ. ಆ ಪುಟ ಆಮೇಲೆ ನೋಡ್ತೀನಿ ಅಂದರೆ ಸಿಗದೇ ಹೋಗಬಹುದು.

ಬಂದ ಉತ್ತರವನ್ನು ಓದುವುದು

ಫೆಬ್ರವರಿ 21ಕ್ಕೆ ಮೇಲ್ ಬಂತು. 28 ಪುಟದ ಪಾಲಿಸಿ, ಪ್ರಪೋಸಲ್ ಫಾರಂ, ಸರ್ವೇಯರ್ ವರದಿ. ಕಳಿಸಿದ್ದಕ್ಕೆ ಪುರಾವೆ ಇಲ್ಲ. ಅದರ ಬದಲು ಒಂದು ಸಾಲು: "ಷರತ್ತುಗಳು ನಮ್ಮ ವೆಬ್‌ಸೈಟಿನಲ್ಲಿ ಲಭ್ಯವಿವೆ, ಮತ್ತು ತಾವು ಪ್ರಪೋಸಲ್‌ನಲ್ಲಿ ಅವನ್ನು ಒಪ್ಪಿಕೊಂಡಿದ್ದೀರಿ."

ಪ್ರಪೋಸಲ್ ಫಾರಂ ತೆರೆದು ನೋಡಿದೆವು. ಕೊನೆಯ ಪುಟದಲ್ಲಿ ಅಕ್ಕನ ಸಹಿ ಇದೆ. ಬ್ಯಾಂಕಿನವರು ಪೆನ್ಸಿಲ್‌ನಲ್ಲಿ ಇಂಟು ಗುರುತು ಹಾಕಿ ಕೊಟ್ಟಿದ್ದು ನಕಲಿನಲ್ಲೂ ಮಸುಕಾಗಿ ಕಾಣುತ್ತಿತ್ತು. ಸಹಿಯ ಮೇಲೆ ಅಚ್ಚಾದ ಘೋಷಣೆ: "ಪಾಲಿಸಿಯ ಷರತ್ತುಗಳನ್ನು ಒಪ್ಪುತ್ತೇನೆ." ಅಕ್ಕ ಅಲ್ಲೇ ಕುಸಿದರು, "ಅಯ್ಯೋ, ಸಹಿ ಹಾಕೀನಲ್ಲ" ಅಂತ.

ಇಲ್ಲಿ ನಿಧಾನಕ್ಕೆ ನೋಡಬೇಕು. ಆ ಫಾರಂ ನಾಲ್ಕು ಪುಟ, ನಾಲ್ಕರಲ್ಲೂ ಕಳವಿನ ಷರತ್ತು ಎಲ್ಲೂ ಇಲ್ಲ. "ಷರತ್ತುಗಳ ಪ್ರತಿ ಪಡೆದಿದ್ದೇನೆ" ಅನ್ನುವ ಮಾತೂ ಇಲ್ಲ. ಕಣ್ಣ ಮುಂದೆ ಇಲ್ಲದ ಕಾಗದವನ್ನು ಒಪ್ಪಿದ್ದೇನೆ ಅಂತ ಬರೆಸಿಕೊಂಡರೆ, ಆ ಕಾಗದ ಕೊಟ್ಟಂತೆ ಆಗುವುದಿಲ್ಲ ಅಲ್ವಾ? ನಮ್ಮ ಎರಡನೇ ಪತ್ರ ನಿಂತಿದ್ದು ಇದರ ಮೇಲೆ.

ಸಹಿ ಇದ್ದರೂ ಯಾವಾಗಲೂ ಪಾರಾಗಬಹುದು ಅಂತ ಮಾತ್ರ ತಿಳಿಯಬೇಡಿ. ಷರತ್ತು ಅದೇ ಹಾಳೆಯ ಮೇಲೆ ಇದ್ದು, ಅದೇ ಹಾಳೆಗೆ ಸಹಿ ಹಾಕಿದ್ದರೆ ಕಥೆ ಬೇರೆ. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಕೊರಿಯರ್ ಚೀಟಿಯ ಮೇಲೆ ಹೊಣೆ 100 ಡಾಲರಿಗೆ ಸೀಮಿತ ಅಂತ ಅಚ್ಚಾಗಿತ್ತು, ಕಳಿಸಿದವರ ಸಹಿ ಇತ್ತು, ಸಿಕ್ಕಿದ್ದು ಅಷ್ಟೇ. ಫೋನಿನಲ್ಲಿ ಷರತ್ತಿನ ಪುಟ ತೆರೆದು ಒಟಿಪಿ ಹಾಕಿ ಒಪ್ಪಿದ್ದೀರಿ ಅಂತ ಕಂಪನಿ ದಾಖಲೆ ತೋರಿಸಿದರೂ ನಿಮ್ಮ ವಾದ ತೆಳ್ಳಗಾಗುತ್ತದೆ.

ಎರಡನೇ ಪತ್ರ

ಇದನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರ ಮೇಲ್ ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ, ಸಾಮಾನ್ಯವಾಗಿ ತಿರಸ್ಕಾರದ ಪತ್ರದ ಅಡಿಯಲ್ಲೂ ಇರುತ್ತದೆ. ಸಿಟ್ಟು, ಶಾಪ, "ನಾವು ಬಡವರು" ಅನ್ನುವುದು ಯಾವುದೂ ಬೇಡ. ತಾರೀಖುಗಳ ಸಾಲು ಸಾಕು. ನಾವು ಬರೆದಿದ್ದರ ತಿರುಳು ಕನ್ನಡದಲ್ಲಿ ಹೀಗಿದೆ:

"11-06-2024ರಂದು ನನ್ನ ಖಾತೆಯಿಂದ ₹2,714 ಪ್ರೀಮಿಯಂ ಪಡೆದಿದ್ದೀರಿ. ನನಗೆ ಬಂದಿದ್ದು ಒಂದು ಹಾಳೆಯ ಪಾಲಿಸಿ ವಿವರ ಮಾತ್ರ, ನಕಲು ಲಗತ್ತಿಸಿದೆ. ಅದರಲ್ಲಿ 'ಬಲವಂತದ ಪ್ರವೇಶ' ಅನ್ನುವ ಷರತ್ತು ಇಲ್ಲ.

ಆ ಷರತ್ತನ್ನು ನಾನು ಮೊದಲ ಸಲ ನೋಡಿದ್ದು ತಮ್ಮ 22-01-2025ರ ತಿರಸ್ಕಾರದ ಪತ್ರದಲ್ಲಿ, ಅಂದರೆ ಕಳವು ಆದ ಮೇಲೆ. ಪೂರ್ತಿ ಪಾಲಿಸಿ ಮೊದಲ ಸಲ ಸಿಕ್ಕಿದ್ದು ತಮ್ಮ 21-02-2025ರ ಮೇಲ್‌ನಲ್ಲಿ.

ಷರತ್ತುಗಳನ್ನು ಕಳಿಸಿದ್ದಕ್ಕೆ ಪುರಾವೆ ಕೊಡಿ ಎಂದು 30-01-2025ರಂದು ಕೇಳಿದ್ದೆ. ತಾವು ಕೊಟ್ಟಿಲ್ಲ. ಪ್ರಪೋಸಲ್ ಫಾರಂನಲ್ಲಿ ಆ ಷರತ್ತು ಇಲ್ಲ, ಪ್ರತಿ ತಲುಪಿದೆ ಎನ್ನುವ ಸಹಿಯೂ ಇಲ್ಲ.

ತಿಳಿಸದ ಹೊರಗಿಡುವ ಷರತ್ತಿನ ಲಾಭವನ್ನು ವಿಮಾ ಕಂಪನಿ ಪಡೆಯಲಾಗದು ಎಂದು ಸುಪ್ರೀಂ ಕೋರ್ಟ್ ಮಾಡರ್ನ್ ಇನ್ಸುಲೇಟರ್ಸ್ (2000) ಮತ್ತು ಭಾರತ್ ವಾಚ್ ಕಂಪನಿ (2019) ಪ್ರಕರಣಗಳಲ್ಲಿ ಹೇಳಿದೆ.

ಇದಕ್ಕೆ ಧಕ್ಕೆ ಇಲ್ಲದಂತೆ ಇನ್ನೊಂದು ಮಾತು: ಬೀಗ ಹಾಕಿದ ಬಾಗಿಲು ತೆರೆದು ಬೀಗವನ್ನೇ ಒಯ್ದಿದ್ದಾರೆ ಎಂದು ಪೊಲೀಸ್ ಪಂಚನಾಮೆಯಲ್ಲಿದೆ.

ಆದ್ದರಿಂದ ತಿರಸ್ಕಾರ ಹಿಂಪಡೆದು, ಕ್ಲೇಮ್ ಮೊತ್ತವನ್ನು ಬಡ್ಡಿಯೊಂದಿಗೆ ಪಾವತಿಸಬೇಕು."

ಆ ಎರಡು ತೀರ್ಪಿನ ಬಗ್ಗೆ ಒಂದೆರಡು ಮಾತು. ಭಾರತ್ ವಾಚ್ ಪ್ರಕರಣ ಅಕ್ಕನದಕ್ಕೆ ಅಣ್ಣತಮ್ಮ ಇದ್ದ ಹಾಗೆ. ಅದೂ ಅಂಗಡಿ ಕಳವು, ಅಲ್ಲೂ ಕಂಪನಿ ಬಲವಂತದ ಪ್ರವೇಶ ಇಲ್ಲ ಅಂತಲೇ ತಿರಸ್ಕರಿಸಿತ್ತು. ಷರತ್ತನ್ನು ಗ್ರಾಹಕರಿಗೆ ತಿಳಿಸಿದ್ದಾರಾ ಇಲ್ವಾ ಅನ್ನುವುದೇ ಮೂಲ ಪ್ರಶ್ನೆ ಅಂತ ಕೋರ್ಟ್ ಹೇಳಿತು. ನಿಮ್ಮದು ಬೇರೆ ಬಗೆಯ ಕ್ಲೇಮ್ ಆದರೂ ಇದನ್ನು ಉಲ್ಲೇಖಿಸಬಹುದು. ಹತ್ತಾರು ತೀರ್ಪು ತುಂಬಬೇಡಿ. ಎರಡು ಸಾಕು, ಓದುವವರು ಹುಡುಕಿ ನೋಡುತ್ತಾರೆ.

ಕೊನೆಯಿಂದ ಎರಡನೇ ಪ್ಯಾರಾದ "ಧಕ್ಕೆ ಇಲ್ಲದಂತೆ" ಅನ್ನುವ ಮಾತು ಮರೆಯಬೇಡಿ. ಷರತ್ತು ನಮಗೆ ಅನ್ವಯಿಸುವುದೇ ಇಲ್ಲ ಅನ್ನುವುದು ಮೊದಲ ವಾದ. ಅನ್ವಯಿಸಿದರೂ ನಮ್ಮಲ್ಲಿ ಆಗಿದ್ದು ಬಲವಂತದ ಪ್ರವೇಶವೇ ಅನ್ನುವುದು ಎರಡನೆಯದು. ಈ ಕ್ರಮ ತಿರುಗಿದರೆ ಮೊದಲನೆಯದು ಸತ್ತುಹೋಗುತ್ತದೆ.

ಲಗತ್ತುಗಳಿಗೆ ನಂಬರ್ ಹಾಕಿ: ಪಾಸ್‌ಬುಕ್ ಪುಟ, ಒಂದು ಹಾಳೆಯ ಪಾಲಿಸಿ, ಎಸ್ಸೆಮ್ಮೆಸ್ ಸ್ಕ್ರೀನ್‌ಶಾಟ್, ಮೊದಲ ಪತ್ರ ಮತ್ತು ತಲುಪಿದ ಪ್ರಿಂಟ್, ಕಂಪನಿಯ ಎರಡೂ ಉತ್ತರ, ಎಫ್‌ಐಆರ್, ಪಂಚನಾಮೆ. ಕಳವಿನ ಕೇಸಾದರೆ ಕಳ್ಳ ಪತ್ತೆಯಾಗಲಿಲ್ಲ ಅನ್ನುವ 'ಸಿ ರಿಪೋರ್ಟ್' ಕೂಡ ಬೇಕಾಗುತ್ತದೆ. ಠಾಣೆಗೆ ನಾಲ್ಕು ಸಲ ತಿರುಗಿಸುತ್ತಾರೆ, ಮುಂಚೆಯೇ ಕೇಳಿಡಿ.

ಆಗಲೂ ಇಲ್ಲ ಅಂದರೆ

ಕುಂದುಕೊರತೆ ಅಧಿಕಾರಿ ಇಲ್ಲ ಅಂದರೆ, ಅಥವಾ ಒಂದು ತಿಂಗಳಾದರೂ ಬಾಯಿ ಬಿಡದಿದ್ದರೆ, ಎರಡು ಬಾಗಿಲುಗಳಿವೆ. ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಲು ಶುಲ್ಕ ಇಲ್ಲ, ವಕೀಲರೂ ಬೇಡ, ₹50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಸ್ವಂತ ಹೆಸರಿನ ಸಣ್ಣ ಯೂನಿಟ್‌ಗಳ ಪಾಲಿಸಿಯೂ ಅಲ್ಲಿ ನಡೆಯುತ್ತದೆ. ಇನ್ನೊಂದು ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, 2019ರ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಗಂಗಾವತಿಯವರು ಕೊಪ್ಪಳದಲ್ಲಿ, ಸಿಂಧನೂರಿನವರು ರಾಯಚೂರಿನಲ್ಲಿ.

ಮೊದಲು ಓಂಬುಡ್ಸ್‌ಮನ್, ಬೇಕಾದರೆ ಆಮೇಲೆ ಆಯೋಗ. ಇದು ನನ್ನ ಅಭಿಪ್ರಾಯ, ಕಾರಣವೂ ಇದೆ. ಆಯೋಗದಲ್ಲಿ ಕೇಸು ನಡೆಯುತ್ತಿದ್ದರೆ ಓಂಬುಡ್ಸ್‌ಮನ್ ಅದನ್ನು ಮುಟ್ಟುವುದಿಲ್ಲ. ಓಂಬುಡ್ಸ್‌ಮನ್ ತೀರ್ಮಾನ ಒಪ್ಪಿಗೆ ಆಗದಿದ್ದರೆ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಆದರೆ ಆ ಎರಡು ವರ್ಷದ ಲೆಕ್ಕ ಮರೆಯಬೇಡಿ.

ಆಯೋಗಕ್ಕೆ ಹೋಗುವವರು ಎಡವುವ ಎರಡು ಜಾಗ ಹೇಳಿಬಿಡುತ್ತೇನೆ. ಮೊದಲನೆಯದು ಶುಲ್ಕ. ಅದನ್ನು ಲೆಕ್ಕ ಹಾಕುವುದು ಕ್ಲೇಮ್ ಮೊತ್ತದ ಮೇಲಲ್ಲ, ನೀವು ಕೊಟ್ಟ ಹಣದ ಮೇಲೆ. ಅಕ್ಕ ಕೊಟ್ಟಿದ್ದು ₹2,714. ₹5 ಲಕ್ಷದವರೆಗೆ ಶುಲ್ಕವೇ ಇಲ್ಲ.

ಎರಡನೆಯದು ಸೂಕ್ಷ್ಮ. ದೂರಿನಲ್ಲಿ ಸುಮ್ನೆ ಜೋರಾಗಿರಲಿ ಅಂತ "ಇದು ಅನ್ಯಾಯದ ಕರಾರು" ಅಂತ ಬರೆಸಬೇಡಿ. 2019ರ ಕಾಯ್ದೆಯಲ್ಲಿ ಅನ್ಯಾಯದ ಕರಾರು ಅನ್ನುವುದಕ್ಕೆ ಬೇರೆಯೇ ವ್ಯಾಖ್ಯೆ ಇದೆ. ಅಂಥ ದೂರು ಜಿಲ್ಲಾ ಆಯೋಗದ್ದಲ್ಲ, ರಾಜ್ಯ ಆಯೋಗದ್ದು. ಕಂಪನಿಯ ವಕೀಲರು ಆ ಒಂದು ಪದ ಹಿಡಿದು ಕೇಸನ್ನು ಬಾಗಿಲಲ್ಲೇ ನಿಲ್ಲಿಸಲು ನೋಡುತ್ತಾರೆ. ನಮ್ಮ ದೂರು ಷರತ್ತು ಕೆಟ್ಟದ್ದು ಅಂತಲ್ಲ, ಷರತ್ತು ತಿಳಿಸಲೇ ಇಲ್ಲ ಅಂತ. "ಮುಖ್ಯ ಮಾಹಿತಿ ಮುಚ್ಚಿಟ್ಟ ಸೇವಾ ನ್ಯೂನತೆ" ಅಂತ ಬರೆಸಿ. ಬೇಕೆಂದೇ ಮಾಹಿತಿ ತಡೆಹಿಡಿಯುವುದು ಆ ಕಾಯ್ದೆಯಲ್ಲಿ ಸೇವಾ ನ್ಯೂನತೆಯ ಪಟ್ಟಿಯಲ್ಲೇ ಇದೆ.

"ನೀವು ವ್ಯಾಪಾರಸ್ಥರು, ಗ್ರಾಹಕರಲ್ಲ" ಅನ್ನುವ ತಕರಾರು ಬಂದರೆ ಹೆದರಬೇಡಿ. ನಷ್ಟ ತುಂಬಿಕೊಳ್ಳಲು ಮಾಡಿಸುವ ವಿಮೆ ಲಾಭಕ್ಕೆ ಮಾಡಿದ ವ್ಯಾಪಾರ ಅಲ್ಲ ಅಂತ ಹರ್ಸೋಲಿಯಾ ಮೋಟರ್ಸ್ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಕ್ಕನ ಕ್ಲೇಮ್ ಏನಾಯಿತು

ಮಾರ್ಚ್ 3ಕ್ಕೆ ಎರಡನೇ ಪತ್ರ ಹೋಯಿತು. 14ಕ್ಕೆ "ಮರುಪರಿಶೀಲನೆಯಲ್ಲಿದೆ" ಅಂತ ಬಂತು. ಏಪ್ರಿಲ್‌ನಲ್ಲಿ ಕಂಪನಿ ಒಪ್ಪಿತು, ಆದರೆ ₹1,86,000ಕ್ಕಲ್ಲ. ಸರ್ವೇಯರ್ ಹಾಕಿದ್ದ ನಷ್ಟ ₹1,52,400, ಅದರಲ್ಲಿ ₹5,000 ಕಳೆದು ₹1,47,400.

ಆ ₹5,000 ಬಗ್ಗೆ ಅಕ್ಕನ ಗಂಡ ಮತ್ತೆ ಪತ್ರ ಬರೆಯೋಣ ಅಂದರು. ನಾನು ಆ ಒಂದೇ ಹಾಳೆ ತೆಗೆದು ತೋರಿಸಿದೆ. ಅದರಲ್ಲಿ ಅಚ್ಚಾಗಿತ್ತು, ಅದು ನಮ್ಮ ಕೈಗೆ ಬಂದಿತ್ತು. ನಮಗೆ ಕೊಟ್ಟ ಕಾಗದ ನಮ್ಮನ್ನೂ ಕಟ್ಟಿಹಾಕುತ್ತದೆ. ಸ್ಟಾಕ್ ಲೆಕ್ಕದ ವ್ಯತ್ಯಾಸಕ್ಕೆ ನಮ್ಮ ಹತ್ತಿರ ಬಿಲ್ ಇರಲಿಲ್ಲ. ಡೆನಿಮ್ ಅರ್ಧ ಉದ್ರಿಯ ಮೇಲೆ ಬಂದಿತ್ತು, ಚೀಟಿ ಮಾತ್ರ.

ಹಣದ ಜೊತೆ ಡಿಸ್‌ಚಾರ್ಜ್ ವೋಚರ್ ಅಂತ ಒಂದು ಕಾಗದ ಬಂತು, "ಪೂರ್ತಿ ಮತ್ತು ಅಂತಿಮವಾಗಿ ಒಪ್ಪಿದ್ದೇನೆ" ಅಂತ. ಬಾಕಿಗೆ ಇನ್ನೂ ಹೋರಾಡುವವರು ಇದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬಾರದು. ತಕರಾರು ಕಾಯ್ದಿರಿಸಿ ಪಡೆಯುತ್ತಿದ್ದೇನೆ ಅಂತ ಬರೆದು, ಅದೇ ದಿನ ಮೇಲ್ ಕೂಡ ಹಾಕಬೇಕು. ಅಕ್ಕ ಅಷ್ಟಕ್ಕೆ ಒಪ್ಪಿದ್ದರು. ನಾಲ್ಕೂ ಸಾಲು ಓದಿಸಿಕೊಂಡು ಸಹಿ ಮಾಡಿದರು, ಆಮೇಲೆ ಅದಕ್ಕೂ ಎರಡು ಜೆರಾಕ್ಸ್ ಕೇಳಿದರು.